ಮೇಲಿನ ಗದ್ದೆಯ ನೀರು

ಬೆಂಡೆಗಿಡಗಳ ಕೆಳಗಿನ ಎಲೆ ಹಳದಿಯಾಗತೊಡಗಿ ವಾರ ಕಳೆದಿತ್ತು. ಡ್ಯಾಫ್ನಿ ದಿನಕ್ಕೆ ನಾಲ್ಕು ಸಲ ಗದ್ದೆಗೆ ಹೋಗಿ ಅದನ್ನೇ ನೋಡಿ ಬರುತ್ತಿದ್ದಳು. ನೋಡುವುದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ಮನೆಯಲ್ಲಿ ಕೂತರೆ ಕಾಲು ನಿಲ್ಲುತ್ತಿರಲಿಲ್ಲ. ಕೊಡೆ ಹಿಡಿದು ಹೋಗುವಳು, ಒಂದು ಗಿಡ ಬಗ್ಗಿಸಿ ನೋಡುವಳು, ಇನ್ನೊಂದು ನೋಡುವಳು, ಬರುವಳು. ಕಾಲು ತೊಳೆದುಕೊಂಡು ಒಳಗೆ ಬಂದ ಮೇಲೆ, ಹಿಂದಿನ ಸಾಲು ನೋಡಲೇ ಇಲ್ಲವಲ್ಲ ಎಂದು ಮತ್ತೆ ಹೊರಡುವಳು.

"ಬಾಯಮ್ಮ, ಗಿಡಕ್ಕೆ ಕಾಮಾಲೆ ಬಂದದ್ದು," ಎಂದಳು ಗುಲಾಬಿ, ಸೊಂಟದಲ್ಲಿ ಬುಟ್ಟಿ ಇಟ್ಟುಕೊಂಡು. ಅವಳು ಈ ಮನೆಯ ಗದ್ದೆಯಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡುವವಳು. "ನೆಲನೆಲ್ಲಿ ಅರೆದು ಕೊಡುವ, ಎಂತ?"

"ನೀನು ಕಾಯಿ ಕೊಯ್ಯಿ ಮಾರಾಯ್ತಿ."

"ಕಾಯಿ ಎಲ್ಲುಂಟು ಕೊಯ್ಯಲಿಕ್ಕೆ? ಬುಟ್ಟಿಯ ತಳ ನೋಡಿ, ನನ್ನ ಮುಖ ಕಾಣ್ತದೆ."

ತಳದಲ್ಲಿ ನಾಲ್ಕು ಹಿಡಿ ಬೆಂಡೆ ಇತ್ತು. ಊರಿನ ಬಿಳಿ ಬೆಂಡೆ, ದಪ್ಪದ್ದು, ಎಳೆಯದು. ಕಾಯಿಯಲ್ಲಿ ಕುಂದು ಹೇಳುವ ಹಾಗಿರಲಿಲ್ಲ, ಕಾಯಿಯೇ ಕಡಿಮೆ.

ಬಜಪೆಯ ವಿಮಾನ ನಿಲ್ದಾಣದ ಗುಡ್ಡ ಇಳಿದು ಬಂದರೆ ಇಳಿಜಾರಿನಲ್ಲಿ ಡ್ಯಾಫ್ನಿಯ ಅಪ್ಪ ವಿಲ್ಲಿ ಪಿಂಟೊ ಅವರ ಗದ್ದೆ. ಮೆಟ್ಟಿಲಿನಂತೆ ಎರಡು ಹಂತ; ಮೇಲಿನದೊಂದು, ಎದೆಯೆತ್ತರ ಕೆಳಗೆ ಇನ್ನೊಂದು. ವಿಸ್ತೀರ್ಣ ಎರಡರದ್ದೂ ಹೆಚ್ಚುಕಡಿಮೆ ಒಂದೇ. ಮಳೆಗಾಲಕ್ಕೆ ಬೆಂಡೆ, ಹೀರೆ. ಮಳೆ ಬಿಟ್ಟ ಮೇಲೆ ಹರಿವೆ, ಅಲಸಂಡೆ, ಸೌತೆ. ಮಂಗಳೂರಿನಲ್ಲಿ ಅಷ್ಟಮಿ, ಚೌತಿ, ಸೆಪ್ಟೆಂಬರಿನಲ್ಲಿ ಕ್ರೈಸ್ತರ ತೆನೆಹಬ್ಬವಾದ ಮೊಂತಿ ಹಬ್ಬ ಒಂದರ ಹಿಂದೆ ಒಂದು ಬರುವಾಗ ಊರ ಬೆಂಡೆಗೆ ಎಲ್ಲಿಲ್ಲದ ಬೆಲೆ. ಆ ಕೆಲವು ವಾರಗಳಲ್ಲಿ ಬಂದದ್ದೇ ಮನೆಯ ಅರ್ಧ ವರ್ಷದ ಆದಾಯ.

ಆ ವಾರಗಳು ಬರಲು ಇನ್ನು ಹೆಚ್ಚು ದಿನ ಇರಲಿಲ್ಲ.

ಡ್ಯಾಫ್ನಿ ಆರು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಸಂಬಳ ಸಾಲದೆ ಬಿಟ್ಟಳು, ಮಣ್ಣಿನ ಮೇಲಿನ ಪ್ರೀತಿಯಿಂದಲ್ಲ. ಗದ್ದೆಗಿಳಿದ ಮೊದಲ ವಾರವೇ ಅಪ್ಪನಿಗೂ ಅವಳಿಗೂ ಗೊಬ್ಬರದ ಜಗಳ ಹತ್ತಿತು. ವಿಲ್ಲಿ ಮೂವತ್ತು ವರ್ಷ ಯೂರಿಯ, ಪೊಟ್ಯಾಷ್ ಹಾಕಿ ಬೆಳೆದವರು. "ಒಂದು ಚೀಲ ಯೂರಿಯಕ್ಕೆ ಮುನ್ನೂರು ರೂಪಾಯಿಯೂ ಇಲ್ಲ. ಸ್ಕೂಟರಿನಲ್ಲಿ ತರಬಹುದು. ನಿನ್ನ ಸೆಗಣಿಗೆ ಟೆಂಪೊ ಬೇಕು, ಹೊರಲಿಕ್ಕೆ ಜನ ಬೇಕು, ಮೂಗಿಗೆ ಬಟ್ಟೆ ಬೇಕು." ಡ್ಯಾಫ್ನಿ ಮೇಲಿನ ಗದ್ದೆಯ ಮಣ್ಣನ್ನು ಪರೀಕ್ಷೆಗೆ ಕೊಟ್ಟು ಬಂದಳು. ಮಣ್ಣು ವಿಪರೀತ ಹುಳಿ ಎಂದು ಬಂತು. ಮೊದಲೇ ಕೆಂಪು ಮುರಕಲ್ಲಿನ ಮಣ್ಣು, ಮೇಲಿಂದ ಈ ಮಳೆ, ಅದರ ಮೇಲೆ ವರ್ಷವರ್ಷವೂ ಯೂರಿಯ. ಸುಣ್ಣ ಹಾಕಬೇಕು ಎಂದರೆ ವಿಲ್ಲಿ, "ಸುಣ್ಣ ವೀಳ್ಯದೆಲೆಗೆ," ಎಂದು ಎದ್ದು ಹೋದರು.

ಕೊನೆಗೆ ಪಂಥ ಬಿತ್ತು. ಕೆಳಗಿನ ಗದ್ದೆ ಮಗಳಿಗೆ, ಮೇಲಿನದು ಅಪ್ಪನಿಗೆ. ಅವಳದ್ದು ಬರೀ ಕಾಂಪೋಸ್ಟ್, ಸುಣ್ಣ; ಅವರದ್ದು ಬರೀ ಯೂರಿಯ, ಪೊಟ್ಯಾಷ್. ಮೂರನೆಯ ಮೊಂತಿ ಹಬ್ಬದ ಹೊತ್ತಿಗೆ ಯಾರ ಗದ್ದೆಯಲ್ಲಿ ಬೆಂಡೆ ಹೆಚ್ಚೋ ಎರಡೂ ಗದ್ದೆ ಅವರ ಕೈಗೆ.

ಮೊದಲನೆಯ ವರ್ಷ ಡ್ಯಾಫ್ನಿಯ ಬೆಂಡೆ ಅಪ್ಪನದರ ಅರ್ಧ. ವಿಲ್ಲಿ ಚರ್ಚಿನಿಂದ ಬರುವವರನ್ನೆಲ್ಲ ಕರೆದು ತೋರಿಸಿದರು. ಎರಡನೆಯ ವರ್ಷ ಮುಕ್ಕಾಲಿಗೆ ಬಂತು. ಆಗಲೂ ತೋರಿಸಿದರು, ದನಿ ಸ್ವಲ್ಪ ತಗ್ಗಿಸಿ. ಬೇಸಗೆಯಲ್ಲಿ ಮಾತ್ರ ಮಾತಾಡುತ್ತಿರಲಿಲ್ಲ. ಮಾರ್ಚ್ ಏಪ್ರಿಲಿನಲ್ಲಿ ಬಾವಿಯ ನೀರು ಇಳಿದಾಗ ಮೇಲಿನ ಗದ್ದೆ ಒಲೆಯ ಇಟ್ಟಿಗೆಯಾಗುತ್ತಿತ್ತು, ದಿನಾ ನೀರು ಬೇಡುತ್ತಿತ್ತು. ಕೆಳಗಿನದಕ್ಕೆ ಮೂರು ದಿನಕ್ಕೊಮ್ಮೆ ಬಿಟ್ಟರೆ ಸಾಕು. ಹಾರೆ ಹಾಕಿದರೆ ಎರೆಹುಳು ಮೇಲೆ ಬರುತ್ತಿತ್ತು. ಮೂರನೆಯ ವರ್ಷದ ಮೊಂತಿ ಹಬ್ಬಕ್ಕೆ ಕೆಳಗಿನ ಗದ್ದೆ ಮೇಲಿನದನ್ನು ಆರು ಬುಟ್ಟಿಗಳಿಂದ ಮೀರಿಸಿತು.

ವಿಲ್ಲಿ ಮಾತು ತಪ್ಪುವವರಲ್ಲ. ಹಬ್ಬದ ಊಟದ ಮೇಲೆ ಕೈ ತೊಳೆದುಕೊಂಡು, "ತಗೋ, ಎರಡೂ ನಿನ್ನದೇ," ಎಂದರು. ಆಮೇಲೆ ಎರಡು ದಿನ ಗದ್ದೆಯ ಕಡೆ ಹೋಗಲಿಲ್ಲ.

ಈ ನಾಲ್ಕನೆಯ ವರ್ಷ ಎರಡು ಗದ್ದೆಗೂ ಕಾಂಪೋಸ್ಟ್ ಬಿದ್ದಿತ್ತು, ಒಂದು ಕಾಳು ಯೂರಿಯ ಇಲ್ಲ. ಎರಡು ಗದ್ದೆಯ ಲೆಕ್ಕ ಹಿಡಿದೇ ಡ್ಯಾಫ್ನಿ ಕದ್ರಿಯ ವಿನೀತ್ ಶೆಟ್ಟರ ಹೋಟೆಲಿಗೆ ಮಾತು ಕೊಟ್ಟಿದ್ದಳು: ಅಷ್ಟಮಿಯಿಂದ ಮೊಂತಿ ಹಬ್ಬದವರೆಗೆ ದಿನ ಬಿಟ್ಟು ದಿನ ಮೂರು ಕ್ರೇಟ್ ಬೆಂಡೆ, ಮಾರ್ಕೆಟಿಗಿಂತ ಹೆಚ್ಚಿನ ದರಕ್ಕೆ. ಹೋಟೆಲಿನ ಬಾಗಿಲಲ್ಲೇ ಬೋರ್ಡ್ ಹತ್ತಿತ್ತು: 'ನಮ್ಮ ಬೆಂಡೆ ಬಜಪೆಯದು, ರಾಸಾಯನಿಕ ಮುಟ್ಟದ್ದು.'

ಈಗ ಎರಡು ಗದ್ದೆಗಳೂ ಹಳದಿ.

*

ಕಾರಣ ತನಗೆ ಗೊತ್ತಿದೆ ಎಂದೇ ಡ್ಯಾಫ್ನಿ ಮೊದಲು ನಂಬಿದ್ದಳು. ಕೆಳಗಿನ ಎಲೆ ಮೊದಲು ಸಮನಾಗಿ ಹಳದಿಯಾದರೆ ಸಾರಜನಕ ಸಾಲದು ಎಂದರ್ಥ. ಗಿಡ ಹಳೆಯ ಎಲೆಯದನ್ನು ಎಳೆದು ಚಿಗುರಿಗೆ ಕೊಡುತ್ತದೆ. ಇದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದವಳು ಅವಳು. ಸಾಲದಿರಲು ಕಾರಣವೂ ಕಣ್ಣೆದುರಿಗಿತ್ತು. ಗದ್ದೆ ಎರಡಾದ ಮೇಲೆ ಗೊಬ್ಬರವೂ ಎರಡರಷ್ಟು ಬೇಕು. ಹತ್ತಿರದ ಹಟ್ಟಿಗಳಲ್ಲಿ ಸೆಗಣಿ ಅಷ್ಟಿಲ್ಲ. ಬೆಂಗ್ರೆಯಿಂದ ಮೀನಿನ ಕಸ ತರುವ ನೂರ್ ಮುಹಮ್ಮದ್ ಮೇ ತಿಂಗಳಲ್ಲಿ ಎರಡೇ ಲೋಡ್ ಕೊಟ್ಟ. ಆಮೇಲೆ ಫೋನ್ ಮಾಡಿದರೆ, "ಮಳೆಗಾಲಕ್ಕೆ ಬೋಟೆಲ್ಲ ಕಟ್ಟಿ ಹಾಕಿದ್ದಾರೆ ಬಾಯಮ್ಮ, ಆಗಸ್ಟ್ ಬರಬೇಕು. ನಾನು ಎಂತ, ನನ್ನ ಕೈಕಾಲು ಕಡಿದು ಕಳಿಸ್ಲಾ?" ಎಂದು ನಗುತ್ತಿದ್ದ.

ಹಾಗಾಗಿ ಮೇ ತಿಂಗಳ ರಾಶಿಗೆ ಸಾಮಿಲ್ಲಿನ ಮರದ ಹೊಟ್ಟು ಬೆರೆಸಿದ್ದಳು. ಹೊಟ್ಟು ಕೊಳೆಯುವಾಗ ಅದನ್ನು ಕೊಳೆಸುವ ಜೀವಿಗಳೇ ಮಣ್ಣಿನ ಸಾರಜನಕವನ್ನು ತಿಂದುಕೊಳ್ಳುತ್ತವೆ, ಗಿಡಕ್ಕೆ ಉಳಿಯುವುದಿಲ್ಲ. ಅದೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ, ಮಳೆ ಹಿಡಿಯುವ ಮೊದಲು ಕೊಳೆತು ಮುಗಿದೀತು ಎಂದು ಹಾಕಿದ್ದಳು. ಮುಗಿದಿರಲಿಲ್ಲ. ರಾಶಿಯ ತಳ ಕೆದಕಿದರೆ ಹೊಟ್ಟು ಇನ್ನೂ ಹೊಟ್ಟಾಗಿಯೇ ಇತ್ತು.

ನೆಲಗಡಲೆ ಹಿಂಡಿ ನೆನೆಸಿ ಹುಳಿಬರಿಸಿ ಬುಡಕ್ಕೆ ಹೊಯ್ದಳು. ನಾರಿತು. ಮರುದಿನ ಸುರಿದ ಮಳೆಗೆ ನಾತವೂ ಹೋಯಿತು, ಹಿಂಡಿಯೂ ಹೋಯಿತು.

ಊಟಕ್ಕೆ ಕೂತಾಗ ವಿಲ್ಲಿ ಗಂಜಿಯ ಬಟ್ಟಲಿನಿಂದ ತಲೆ ಎತ್ತದೆ ಕೇಳಿದರು, "ಹೇಗುಂಟು ಅರಶಿನದ ತೋಟ?"

"ಪಪ್ಪಾ, ತಿನ್ನಿ."

"ತಿನ್ತಾ ಇದ್ದೇನೆ. ಅಲ್ಲ, ಬೆಂಡೆ ಬಿತ್ತಿದ್ದೆ ಅಂತ ನೀನು ಹೇಳಿದ್ದು ನೆನಪು, ಅದಕ್ಕೆ ಕೇಳಿದೆ." ಉಪ್ಪಿನಕಾಯಿ ನೆಕ್ಕಿದರು. "ಹಟ್ಟಿಯ ಮೂಲೆಯಲ್ಲಿ ಅರ್ಧ ಚೀಲ ಉಂಟು. ಹಳತು, ಗಟ್ಟಿಯಾಗಿದೆ, ಗುದ್ದಿದರೆ ಪುಡಿಯಾಗ್ತದೆ. ಗಿಡಕ್ಕೆ ಒಂದು ಚಿಟಿಕೆ. ಐದನೇ ದಿನ ಬಂದು ನೋಡು, ಎಲೆ ಕಪ್ಪು ಹಸಿರು."

"ಬೋರ್ಡ್ ಹಾಕಿದ್ದಾರೆ ಪಪ್ಪಾ. ಮುಟ್ಟದ್ದು ಅಂತ."

"ಬೋರ್ಡಿನಲ್ಲಿ ಬೆಂಡೆ ಬೆಳೀತದಾ?"

"ಊಟದ ಮೇಜಿನಲ್ಲಿ ಗೊಬ್ಬರ ಬೇಡ," ಎಂದರು ತಾಯಿ ಲೂರ್ಡ್ಸ್, ಮೂರು ವರ್ಷದಿಂದ ಹೇಳುತ್ತಿದ್ದ ಮಾತನ್ನೇ. "ಇಬ್ಬರಿಗೂ ಹೇಳಿದ್ದು."

ಡ್ಯಾಫ್ನಿ ಅರ್ಧ ತಿಂದು ಎದ್ದಳು. ಅಪ್ಪನ ಮಾತಿನಲ್ಲಿ ಸುಳ್ಳಿಲ್ಲ ಎಂಬುದೇ ಅವಳನ್ನು ಸುಡುತ್ತಿತ್ತು. ಯೂರಿಯ ಕೊಟ್ಟರೆ ಐದು ದಿನದಲ್ಲಿ ಹಸಿರು. ಕೊಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ. ಬೆಂಡೆ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕೊಟ್ಟ ಮೇಲೆ ಮೂರು ವರ್ಷದ ಗೆಲುವಿಗೆ ಏನರ್ಥ?

ಒಂದು ವಿಷಯ ಮಾತ್ರ ಮುಳ್ಳಿನಂತೆ ಉಳಿದಿತ್ತು. ಹೊಟ್ಟು ಬೆರೆಸಿದ ರಾಶಿಯನ್ನು ಅವಳು ಹಾಕಿದ್ದು ಮೇಲಿನ ಗದ್ದೆಗೆ ಮಾತ್ರ. ಕೆಳಗಿನದಕ್ಕೆ ಹೋದದ್ದು ಹಳೆಯ ರಾಶಿ. ಸೆಗಣಿ, ಸೊಪ್ಪು, ಮೀನಿನ ಕಸ ಎಲ್ಲ ಸೇರಿ ಕಪ್ಪಗೆ ಪುಡಿಯಾದ, ಕೈಯಲ್ಲಿ ಹಿಡಿದರೆ ಮಳೆ ಬಿದ್ದ ಕಾಡಿನ ವಾಸನೆ ಬರುವ ಗೊಬ್ಬರ. ಕಳೆದ ವರ್ಷ ಗೆಲ್ಲಿಸಿಕೊಟ್ಟದ್ದು ಅದೇ ಗೊಬ್ಬರ, ಅಷ್ಟೇ ಬುಟ್ಟಿ.

ಹಾಗಾದರೆ ಕೆಳಗಿನದು ಯಾಕೆ ಹಳದಿ?

*

ಆ ಶುಕ್ರವಾರ ಬೆಳಿಗ್ಗೆ ಮಳೆ ಜೋರಾಗಿ ಹೊಡೆಯತೊಡಗಿತು. ಗುಡ್ಡದ ಮೇಲಿಂದ ಇಳಿಯುವ ವಿಮಾನದ ಸದ್ದು ಕೇಳಿತೇ ವಿನಾ ವಿಮಾನ ಕಾಣಲಿಲ್ಲ. ಡ್ಯಾಫ್ನಿ ತಲೆ ಬೆನ್ನು ಮುಚ್ಚುವ ಓಲೆಯ ಗೊರಬೆ ಹೊದ್ದು ಕೆಳಗಿನ ಗದ್ದೆಯ ಕೊನೆಯ ಸಾಲಿನವರೆಗೆ ಹೋದಳು.

ಪಡುವಣ ಅಂಚಿನ ಆ ಸಾಲು ಮೊದಲಿನಿಂದಲೂ ಬಡಸಾಲು. ಉಳಿದ ಗಿಡ ಎದೆಯೆತ್ತರ ಬಂದಾಗ ಅದು ಸೊಂಟದಲ್ಲೇ ನಿಲ್ಲುತ್ತಿತ್ತು, ಬಿಳಿಚಿಕೊಂಡು. ಪಕ್ಕದಲ್ಲೊಂದು ದೊಡ್ಡ ಹಲಸಿನ ಮರ ಇತ್ತು. ನೆರಳಿನ ಕಾಟ ಎಂದು ಡ್ಯಾಫ್ನಿ ಆ ಸಾಲನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಈ ಮೇ ತಿಂಗಳ ಗಾಳಿಗೆ ಮರ ಬುಡಮೇಲಾಯಿತು. ಸಾಲಿಗೆ ಈಗ ಆಕಾಶ ತೆರೆದಿತ್ತು, ಉಳಿದ ಸಾಲುಗಳಷ್ಟೇ ಬೆಳಕು.

ಸಾಲು ಹಾಗೆಯೇ ಇತ್ತು. ಸೊಂಟದೆತ್ತರ, ಬಿಳಿಚಿಕೊಂಡು.

ಅವಳು ತಿರುಗಿ ಗದ್ದೆಯನ್ನು ನೋಡಿದಳು. ಎಲ್ಲ ಸಾಲುಗಳೂ ಅದರ ಹಾಗೇ ಇದ್ದವು. ಈ ವರ್ಷ ಇಡೀ ಗದ್ದೆಯೇ ಆ ಕೊನೆಯ ಸಾಲಾಗಿತ್ತು.

ನೆರಳಲ್ಲ ಹಾಗಾದರೆ. ಮೂರು ವರ್ಷ ಉಳಿದ ಸಾಲುಗಳಿಗೆ ಸಿಕ್ಕಿದ, ಇದಕ್ಕೆ ಸಿಗದ ಒಂದು ಏನೋ ಇತ್ತು. ಈ ವರ್ಷ ಅದು ಯಾವುದಕ್ಕೂ ಸಿಗಲಿಲ್ಲ. ಗೊಬ್ಬರ ಎಲ್ಲ ಸಾಲಿಗೂ ಒಂದೇ ಬುಟ್ಟಿಯಿಂದ ಬಿದ್ದದ್ದು. ಸುಣ್ಣವೂ. ಬೀಜವೂ. ಬೇರೆ ಏನು? ಈ ಸಾಲು ಇರುವುದು ಒಂದು ಮೊಳ ಎತ್ತರದಲ್ಲಿ, ಅಷ್ಟೇ. ಸಾಲುಗಳ ನಡುವಿನ ಕಣಿಯ ನೀರು ಇಲ್ಲಿಗೆ ಹತ್ತುವುದಿಲ್ಲ.

ಕಣಿಯ ನೀರು.

ಅವಳ ಕಾಲ ಬುಡದಲ್ಲೇ ನೀರು ಹರಿಯುತ್ತಿತ್ತು. ಮೇಲಿನ ಗದ್ದೆಯ ಮೂಲೆಯಿಂದ ಧುಮುಕಿ, ಕೆಂಪಗೆ, ಅವಳ ಬೆಂಡೆಯ ಏರಿಗಳ ನಡುವಿನ ಕಣಿಗಳಿಗೆಲ್ಲ ಹಂಚಿಕೊಂಡು. ಮೊದಲು ಆ ನೀರು ಹೀಗೆ ಬರುತ್ತಿರಲಿಲ್ಲ; ನೇರ ಪಕ್ಕದ ತೋಡಿಗೆ, ಆ ಸಣ್ಣ ಹಳ್ಳಕ್ಕೆ, ಹೋಗುತ್ತಿತ್ತು, ಮಣ್ಣನ್ನೂ ಹೊತ್ತುಕೊಂಡು. ಪಂಥದ ಮೊದಲ ವರ್ಷ ಡ್ಯಾಫ್ನಿಯೇ ತೋಡಿನ ಬಾಯಿಗೆ ಕಲ್ಲು ಮಣ್ಣು ತುಂಬಿಸಿ ನೀರನ್ನು ತನ್ನ ಗದ್ದೆಗೆ ತಿರುಗಿಸಿದಳು. ಕಣಿಗಳಲ್ಲಿ ಸೊಪ್ಪು ತುಂಬಿಸಿದಳು. ನೀರು ನಿಧಾನವಾಗುತ್ತದೆ, ಮಣ್ಣು ಕೂರುತ್ತದೆ, ಸೊಪ್ಪು ಕೊಳೆಯುತ್ತದೆ. ನೋಡಲು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು, "ನನ್ನ ಗದ್ದೆಯಿಂದ ಒಂದು ಹಿಡಿ ಮಣ್ಣು ತೋಡಿಗೆ ಹೋಗುವುದಿಲ್ಲ."

ಮಣ್ಣು ಹೋಗಲಿಲ್ಲ. ಅದರ ಜೊತೆಗೆ ಬಂದದ್ದೂ ಹೋಗಲಿಲ್ಲ. ಅಪ್ಪ ಜೂನಿನಿಂದ ಆಗಸ್ಟಿನವರೆಗೆ ಮೇಲಿನ ಗದ್ದೆಗೆ ಮೂರು ಸಲ ಯೂರಿಯ ಎರಚುತ್ತಿದ್ದರು. ಈ ಮಳೆಯಲ್ಲಿ ಅದರ ದೊಡ್ಡ ಪಾಲು ಕರಗಿ ಇಳಿಯುತ್ತಿತ್ತು. ಇಳಿದದ್ದು ಅವಳ ಕಣಿಗೆ, ಅವಳ ಸೊಪ್ಪಿಗೆ, ಅವಳ ಬೆಂಡೆಯ ಬೇರಿಗೆ.

ಡ್ಯಾಫ್ನಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಗೊರಬೆಯ ಅಂಚಿನಿಂದ ನೀರು ಕತ್ತಿನೊಳಗೆ ಇಳಿಯಿತು. ಎಷ್ಟು ತನ್ನದು, ಎಷ್ಟು ಅಪ್ಪನದು? ಆರು ಬುಟ್ಟಿಯೂ ಅಪ್ಪನದಾ? ಅಥವಾ ಇನ್ನೂ ಹೆಚ್ಚಾ? ಲೆಕ್ಕ ಹಾಕಲು ದಾರಿಯೇ ಇರಲಿಲ್ಲ. ಮೂರು ವರ್ಷ ಅವಳು ಎರಡು ಗದ್ದೆ ಹೋಲಿಸುತ್ತಿದ್ದೇನೆ ಎಂದುಕೊಂಡಿದ್ದಳು, ನಿಜದಲ್ಲಿ ಎರಡಕ್ಕೂ ಯೂರಿಯ ಬಿದ್ದಿತ್ತು. ಎಂಟನೆಯ ಕ್ಲಾಸಿನ ಹುಡುಗ ಇಂಥ ಪ್ರಯೋಗ ಬರೆದು ತಂದಿದ್ದರೆ ಅವಳು ಕೆಂಪು ಗೆರೆ ಎಳೆದು ಹಿಂದೆ ಕೊಡುತ್ತಿದ್ದಳು.

"ಬಾಯಮ್ಮ, ಬಿದ್ರಾ?" ಗುಲಾಬಿ ಮೇಲಿನಿಂದ ಕೂಗಿದಳು.

"ಇಲ್ಲ. ಕೂತದ್ದು."

"ಈ ಮಳೆಯಲ್ಲಾ? ಕೂತದ್ದು ಅಂತೆ. ನಿಮ್ಮ ಅಪ್ಪ ಪೊರ್ಬುಗಳಿಗೆ ಹೇಳ್ತೇನೆ, ಮಗಳನ್ನೂ ಗೊಬ್ಬರದ ರಾಶಿಗೆ ಹಾಕಿ ಅಂತ."

*

ಅಪ್ಪನಿಗೆ ಹೇಳದಿದ್ದರೂ ನಡೆಯುತ್ತಿತ್ತು. ಅದನ್ನು ಅವಳು ಮಧ್ಯಾಹ್ನದವರೆಗೆ ಅಂಗಳ, ಹಟ್ಟಿ, ಬಾವಿಕಟ್ಟೆ ಸುತ್ತುತ್ತ ಯೋಚಿಸಿದಳು. ಹಟ್ಟಿಯ ಮೂಲೆಯ ಚೀಲವನ್ನೂ ಮುಟ್ಟಿ ನೋಡಿದಳು. ಅಪ್ಪ ಹೇಳಿದಂತೆ ಕಲ್ಲಾಗಿತ್ತು. ಸುಮ್ಮನಿದ್ದರೆ ಗದ್ದೆ ತನ್ನದೇ. ಹೇಳಿದರೆ ಮೇಲಿನ ಗದ್ದೆ ಹಿಂದೆ ಹೋಗುತ್ತದೆ, ಹೋಟೆಲು ಹೋಗುತ್ತದೆ, ಚರ್ಚಿನ ಮೆಟ್ಟಿಲಿನಲ್ಲಿ ಅಪ್ಪನಿಗೆ ಒಂದು ವರ್ಷಕ್ಕಾಗುವ ಕತೆ ಸಿಗುತ್ತದೆ. ಆದರೆ ಸುಮ್ಮನಿದ್ದರೆ ತನ್ನ ಗೊಬ್ಬರ ನಿಜಕ್ಕೂ ಎಷ್ಟು ಕೊಡುತ್ತದೆ ಎಂಬುದು ತನಗೇ ಎಂದೂ ತಿಳಿಯುವುದಿಲ್ಲ. ಅವಳಿಂದ ತಾಳಲಾಗದ್ದು ಅದು.

ವಿಲ್ಲಿ ಜಗಲಿಯಲ್ಲಿ ಕೂತು ರೇಡಿಯೊ ಬಿಚ್ಚಿ ಹರಡಿಕೊಂಡಿದ್ದರು. ಡ್ಯಾಫ್ನಿ ಎದುರಿಗೆ ನಿಂತು ಒಂದೇ ಉಸಿರಿಗೆ ಹೇಳಿ ಮುಗಿಸಿದಳು: ತೋಡಿನ ಬಾಯಿ, ಕಣಿ, ಹಲಸಿನ ಮರ, ಕೊನೆಯ ಸಾಲು.

ವಿಲ್ಲಿಯ ಕೈಯ ಸ್ಕ್ರೂಡ್ರೈವರ್ ನಿಂತಿತು. ಅವರು ಗದ್ದೆಯ ಕಡೆ ನೋಡಿದರು, ಮಗಳ ಕಡೆ ನೋಡಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಬಾಯಿ ತೆರೆಯಿತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಲೂರ್ಡ್ಸ್! ಏ ಲೂರ್ಡ್ಸ್! ಬಾ ಇಲ್ಲಿ, ಕೇಳು! ನನ್ನ ಯೂರಿಯ ತಿಂದು ನನ್ನನ್ನೇ ಸೋಲಿಸಿದ್ದಾಳೆ ಇವಳು!"

ನಗು ನಿಂತ ಮೇಲೆ ಮುಖ ಬದಲಾಯಿತು. "ಮೂರು ವರ್ಷ," ಎಂದರು. "ಮೂರು ವರ್ಷ ನಾನು ಹಾಕಿದ್ದು ಮಳೆಗೆ ಹೋಗ್ತದೆ ಅಂತ ಮತ್ತೂ ಎರಡು ಹಿಡಿ ಜಾಸ್ತಿ ಹಾಕಿದ್ದೇನೆ. ಎಲ್ಲಿ ಹೋಗ್ತದೆ ಅಂತ ನೋಡ್ಲಿಲ್ಲ. ನಾನೂ ಕತ್ತೆಯೇ."

"ಮೇಲಿನ ಗದ್ದೆ ನಿಮಗೇ, ಪಪ್ಪಾ. ಪಂಥ ಲೆಕ್ಕಕ್ಕಿಲ್ಲ."

"ಮತ್ತೆ ಎಂತ, ನಿನಗೆ ಬಿಡ್ತೇನಾ?" ಅವರು ಆಗಲೇ ಎದ್ದು ಲುಂಗಿ ಮೇಲೆ ಕಟ್ಟುತ್ತಿದ್ದರು. "ಇವತ್ತೇ ಹಾಕ್ತೇನೆ, ಮಳೆ ಬಿಟ್ಟಿದೆ. ಬುಡ ಬಿಟ್ಟು ಸುತ್ತ ಹಾಕಿ ಮಣ್ಣು ಎಳೆದ್ರೆ ಅಷ್ಟು ಹೋಗುವುದಿಲ್ಲ. ಕೆಳಗಿನದಕ್ಕೂ ಎರಚಲಾ? ಹಬ್ಬಕ್ಕೆ ಕಾಯಿ ಬೇಕಲ್ಲ ನಿನಗೆ."

"ಬೇಡ."

"ಹಠ."

"ಹಠ ಅಲ್ಲ. ನನ್ನದು ಎಷ್ಟು ಅಂತ ಒಮ್ಮೆ ನೋಡಬೇಕು. ಹಾಕುವ ಮೊದಲು ನೀರು ತಿರುಗಿಸಬೇಕು, ತೋಡಿನ ಬಾಯಿ ಬಿಡಿಸಬೇಕು."

ವಿಲ್ಲಿ ಅಂಗಳಕ್ಕೆ ಇಳಿದರು. "ಹಾರೆ ಹಟ್ಟಿಯ ಹಿಂದೆ ಉಂಟು," ಎಂದರು.

ಕಟ್ಟುವಾಗ ಗುಲಾಬಿಯೊಬ್ಬಳೇ ಒಂದು ಬೆಳಗಿನಲ್ಲಿ ಮುಗಿಸಿದ್ದ ಕೆಲಸ. ಬಿಡಿಸಲು ಮೂವರು ಸಂಜೆಯವರೆಗೆ ಕೆಸರಿನಲ್ಲಿ ಹೊರಳಿದರು. ಮೂರು ಮಳೆಗಾಲದ ಮಣ್ಣು ಅಲ್ಲಿ ಕೂತು ಗಟ್ಟಿಯಾಗಿತ್ತು. ಮೇಲಿನ ಗದ್ದೆಯ ಅಂಚಿಗೆ ಬೇರೆಯೇ ಕಣಿ ತೋಡಿ ನೀರನ್ನು ತೋಡಿಗೆ ಇಳಿಸಿದರು. ಕೊನೆಯ ಕಲ್ಲು ಕಿತ್ತಾಗ ಕೆಂಪು ನೀರು ಸದ್ದು ಮಾಡುತ್ತ ಹೊರಗೆ ಓಡಿತು.

"ಹೋಯಿತು ನನ್ನ ಮಣ್ಣು," ಎಂದಳು ಡ್ಯಾಫ್ನಿ.

"ನನ್ನದು," ಎಂದರು ವಿಲ್ಲಿ, ಕತ್ತಲಾಗುವ ಮೊದಲು ಹಾಕಿ ಮುಗಿಸಲು ಯೂರಿಯದ ಬುಟ್ಟಿ ಎತ್ತಿಕೊಂಡು.

*

ವಿನೀತ್ ಶೆಟ್ಟರು ಮರುದಿನ ತಾವೇ ಬಂದರು, ಹೋಟೆಲಿನ ಇನ್ಸ್ಟಾಗ್ರಾಮಿಗೆ ಗದ್ದೆಯ ವಿಡಿಯೊ ಬೇಕೆಂದು. ಬಿಳಿ ಶೂ ಹಾಕಿಕೊಂಡು ಬಂದವರು ಅಂಗಳದ ಅಂಚಿನಿಂದ ಆಚೆ ಬರಲಿಲ್ಲ. ನಲವತ್ತರ ಒಳಗಿನವರು, ಮಾತು ಬೇಗ, ನಗು ಇನ್ನೂ ಬೇಗ.

ಡ್ಯಾಫ್ನಿ ಸುತ್ತಿ ಬಳಸಲಿಲ್ಲ. "ಶೆಟ್ರೆ, ಮೂರು ಕ್ರೇಟ್ ಆಗುವುದಿಲ್ಲ. ಮೇಲಿನ ಗದ್ದೆಗೆ ನಿನ್ನೆ ಯೂರಿಯ ಹಾಕಿದ್ದೇವೆ. ಕೆಳಗಿನದಕ್ಕೆ ಇಲ್ಲ. ಕೆಳಗಿನದ್ದು ಕೊಡ್ತೇನೆ, ಒಂದೋ ಒಂದೂವರೆಯೋ ಬರಬಹುದು."

"ಅಯ್ಯೊ ಡ್ಯಾಫ್ನಿ, ಎಂತ ಮಾರಾಯ್ತಿ ನೀವು!" ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ನನಗೆ ಯಾಕೆ ಹೇಳಿದ್ದು? ಹೇಳದಿದ್ರೆ ನಾನು ಕೇಳ್ತಿದ್ದೆನಾ? ಎರಡೂ ಕೊಡಿ. ಯಾರು ನೋಡ್ತಾರೆ?"

"ಬೋರ್ಡ್ ನೋಡ್ತಾರೆ."

"ಬೋರ್ಡ್ ನನ್ನದು. ನಾನು ನೋಡಿಕೊಳ್ತೇನೆ."

"ಬೋರ್ಡಿನಲ್ಲಿ ಬಜಪೆ ಅಂತ ಉಂಟಲ್ಲ. ಇಲ್ಲಿ ನಿಮಗೆ ಬೆಂಡೆ ಕೊಡುವುದು ನಾನೊಬ್ಬಳೇ. ಇನ್ನೂ ಒಂದು ವಿಷಯ ಉಂಟು. ಕಳೆದ ವರ್ಷ ನಾನು ನಿಮಗೆ ತೋರಿಸಿದ ಬೆಳೆಗೆ ಮೇಲಿನ ಗದ್ದೆಯ ಯೂರಿಯ ನೀರಿನಲ್ಲಿ ಇಳಿದು ಬಂದಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ನಿನ್ನೆ."

ವಿನೀತ್ ಶೆಟ್ಟರು ಫೋನನ್ನು ಕಿಸೆಗೆ ಹಾಕಿಕೊಂಡರು. "ಇಂಥದ್ದನ್ನೆಲ್ಲ ಯಾರೂ ಬಂದು ಹೇಳುವುದಿಲ್ಲ ಮಾರ್ರೆ," ಎಂದರು. ಅದು ಹೊಗಳಿಕೆ ಆಗಿರಲಿಲ್ಲ, ದೂರು. "ಹಬ್ಬದ ಊಟ ಬುಕ್ ಆಗಿದೆ. ಒಂದೂವರೆ ಕ್ರೇಟಿನಲ್ಲಿ ನಾನು ಎಂತ ಮಾಡ್ಲಿ, ಎಲೆಗೆ ಒಂದೊಂದು ಹೋಳು ಬಡಿಸ್ಲಾ? ಉಳಿದದ್ದು ಬೇರೆಯವರಲ್ಲಿ ತೆಗೀತೇನೆ. ಮುಂದಿನ ವರ್ಷದ ಮಾತು ಆಮೇಲೆ ನೋಡುವ."

ನೋಡುವ ಎಂದರೆ ಏನು ಎಂದು ಇಬ್ಬರಿಗೂ ಗೊತ್ತಿತ್ತು. ವಿಡಿಯೊ ತೆಗೆಯದೆ ಕಾರು ತಿರುಗಿಸಿಕೊಂಡು ಹೋದರು.

"ದೊಡ್ಡ ಗಿರಾಕಿ," ಎಂದರು ವಿಲ್ಲಿ ಒಳಗಿನಿಂದ. ಯಾರನ್ನು ಕುರಿತು ಎಂದು ಡ್ಯಾಫ್ನಿ ಕೇಳಲಿಲ್ಲ.

*

ಅಪ್ಪ ಹೇಳಿದ ಐದನೆಯ ದಿನ ಮೇಲಿನ ಗದ್ದೆ ಕಪ್ಪು ಹಸಿರಾಯಿತು. ಡ್ಯಾಫ್ನಿಗೆ ಅದನ್ನು ನೋಡದೆ ಇರಲಾಗಲಿಲ್ಲ, ನೋಡಿದರೆ ಹೊಟ್ಟೆ ಉರಿಯಿತು. ಕೆಳಗಿನದು ಹಳದಿಯಲ್ಲೇ ಹಠ ಹಿಡಿದು ಕೂತಿತ್ತು. ಅವಳು ಸಾಲು ಸಾಲು ನಡೆದು ಹೂ ಎಣಿಸಿದಳು. ಬೇರು ಕಿತ್ತು ನೋಡಿದಳು. ಬೇರು ಬೆಳ್ಳಗೆ, ಆರೋಗ್ಯವಾಗಿಯೇ ಇತ್ತು. ಆಗಸ್ಟಿನಲ್ಲಿ ಬೋಟ್ ಬಿಟ್ಟ ಕೂಡಲೇ ನೂರ್ ಮುಹಮ್ಮದ್ ಮೀನಿನ ಕಸ ತಂದು ಸುರಿದು, "ಈಗ ನಗಿ ಸ್ವಲ್ಪ," ಎಂದ. ಆ ಕಸ ಗೊಬ್ಬರವಾಗುವುದು ಹಬ್ಬ ಕಳೆದ ಮೇಲೆ. ಕಾಂಪೋಸ್ಟಿನ ದೊಡ್ಡ ತೊಂದರೆ ಅದೇ: ಹಸಿವಾದಾಗ ಬೇಯಿಸಲು ಶುರುಮಾಡಿದರೆ ಆಗುವುದಿಲ್ಲ.

ಅಷ್ಟಮಿಯ ಮೇಲೆ ಮಳೆ ಸ್ವಲ್ಪ ಇಳಿದು ಬಿಸಿಲು ಬಂದಾಗ ಕೆಳಗಿನ ಗದ್ದೆಯೂ ತಾನಾಗಿ ಸುಧಾರಿಸಿತು. ಮಣ್ಣು ಬೆಚ್ಚಗಾದರೆ ಗೊಬ್ಬರ ಬಿಟ್ಟುಕೊಡುತ್ತದೆ. ಕಪ್ಪು ಹಸಿರಲ್ಲ, ಸಾಧಾರಣ ಹಸಿರು. ಕಾಯಿ ಬಂತು, ತಡವಾಗಿ.

ದಿನ ಬಿಟ್ಟು ದಿನ ಕೆಳಗಿನದು ಹೋಟೆಲಿಗೆ ಹೋಯಿತು, ಮೇಲಿನದು ಮಾರ್ಕೆಟಿಗೆ, ಮಾಮೂಲಿ ದರಕ್ಕೆ. ಮೊಂತಿ ಹಬ್ಬದ ಹಿಂದಿನ ಸಂಜೆ ಕೊನೆಯ ಕೊಯ್ಲು ಮುಗಿಸಿ ಗುಲಾಬಿ ಎರಡು ಗದ್ದೆಯ ಬುಟ್ಟಿಗಳನ್ನು ಜಗಲಿಯಲ್ಲಿ ಸಾಲಾಗಿ ಇಟ್ಟಳು. ಹಬ್ಬದ ವಾರಗಳೆಲ್ಲ ಸೇರಿದರೆ ಕೆಳಗಿನದು ಮೇಲಿನದರ ಮೂರರಲ್ಲಿ ಎರಡು ಪಾಲು.

ಕಳೆದ ವರ್ಷ ಆರು ಬುಟ್ಟಿ ಮುಂದೆ, ಈ ವರ್ಷ ಇಷ್ಟು ಹಿಂದೆ. ಡ್ಯಾಫ್ನಿ ಬುಟ್ಟಿಗಳೆದುರು ನಿಂತಳು. ಬೇಸರವಾಯಿತು, ಆದರೆ ಎಷ್ಟೋ ವಾರದ ಮೇಲೆ ಕಾಲು ಒಂದು ಕಡೆ ನಿಂತಿತ್ತು. ಇದು ತನ್ನದೇ ಲೆಕ್ಕ, ಯಾರ ನೀರೂ ಬೆರೆಯದ್ದು.

ಲೂರ್ಡ್ಸ್‌ಗೆ ಬೇರೆ ಚಿಂತೆ. ಮೊಂತಿ ಹಬ್ಬದ ಊಟಕ್ಕೆ ತರಕಾರಿಯ ಪದಾರ್ಥಗಳು ಬೆಸ ಸಂಖ್ಯೆಯಲ್ಲೇ ಇರಬೇಕು. ಮೂರು ವರ್ಷ ಅಪ್ಪನ ಬೆಂಡೆ ಒಂದು ಪಾತ್ರೆ, ಮಗಳದ್ದು ಒಂದು ಪಾತ್ರೆ ಎಂದು ಬೇಯಿಸಿ, ಬೆಸ ಕೂಡಿಸಲು ಇನ್ನೊಂದು ಪದಾರ್ಥಕ್ಕೆ ಹುಡುಕಾಡಿ ಅವರಿಗೆ ಸಾಕಾಗಿತ್ತು. ಈ ಸಲ ಎರಡು ಬುಟ್ಟಿಯ ಬೆಂಡೆಯನ್ನೂ ಒಂದೇ ಪಾತ್ರೆಗೆ ಕೊಚ್ಚಿ ಹಾಕಿದರು.

"ಮಮ್ಮಿ, ಯಾವುದು ಯಾರದ್ದು ಅಂತ ಗೊತ್ತಾಗುವುದು ಹೇಗೆ?"

"ಗೊತ್ತಾಗುವುದು ಬೇಡ. ತಿನ್ನಿ."

ಚರ್ಚಿನಿಂದ ತಂದ ಹೊಸ ಭತ್ತದ ಅಕ್ಕಿಯ ಪಾಯಸ ಕುಡಿದು ಊಟಕ್ಕೆ ಕೂತರು. ವಿಲ್ಲಿ ಬೆಂಡೆ ಎರಡು ಸಲ ಬಡಿಸಿಕೊಂಡರು. ಬಾಯಿ ತುಂಬಿಕೊಂಡೇ ಹೇಳಿದರು, "ಮೂರರಲ್ಲಿ ಎರಡು ಪಾಲು."

"ಗೊತ್ತುಂಟು."

"ಮಳೆಗಾಲ ನನ್ನದು."

"ಮಳೆಗಾಲ ನಿಮ್ಮದು. ಮಾರ್ಚಿನಲ್ಲಿ ಮಾತಾಡುವ."

ವಿಲ್ಲಿ ಜಗಿಯುವುದನ್ನು ನಿಲ್ಲಿಸಿದರು. ಮಾರ್ಚಿನ ಮೇಲಿನ ಗದ್ದೆ, ಬಿರುಕು, ದಿನಾ ಎರಡು ಹೊತ್ತು ಪಂಪು. ಅದು ಅವರ ಕಣ್ಣೆದುರಿಗೂ ಬಂದಿರಬೇಕು. "ಯೂರಿಯ ನಾನು ಬಿಡುವವನಲ್ಲ," ಎಂದರು ನಿಧಾನಕ್ಕೆ. "ಅದು ಬೇರೆ ಮಾತು. ಆದ್ರೆ ಮಳೆ ಬಿಟ್ಟ ಮೇಲೆ ಮೇಲಿನದಕ್ಕೂ ಎರಡು ಲೋಡ್ ಹಾಕುವ, ನಿನ್ನ ಆ ಕಪ್ಪಿನದ್ದು. ಹೊಟ್ಟು ಬೆರೆಸಿದ್ದು ಬೇಡ. ಸುಣ್ಣವೂ ಸ್ವಲ್ಪ ಹಾಕು, ನೋಡುವ."

"ಸುಣ್ಣ ವೀಳ್ಯದೆಲೆಗಲ್ವಾ?"

"ಎಂತ ಬೇಕಾದ್ರೂ ಮಾಡು ಮಾರಾಯ್ತಿ."

"ಕಪ್ಪಿನದ್ದು ನನಗೇ ಸಾಲುವುದಿಲ್ಲ ಪಪ್ಪಾ. ಬೇಕಾದ್ರೆ ದುಡ್ಡು ಕೊಟ್ಟು ತಗೊಳ್ಳಿ."

"ಮೂರು ವರ್ಷದ ನನ್ನ ಯೂರಿಯದ ದುಡ್ಡು ಮೊದಲು ನೀನು ಇಡು, ಇಲ್ಲಿ, ಎಲೆಯ ಬದಿಗೆ."

"ಊಟದ ಮೇಜಿನಲ್ಲಿ ಗೊಬ್ಬರ ಬೇಡ!" ಲೂರ್ಡ್ಸ್ ಸೌಟಿನಿಂದ ಮೇಜಿಗೆ ಹೊಡೆದರು.

ಹೊರಗೆ ಮತ್ತೆ ಮಳೆ ಹಿಡಿಯಿತು, ಹಬ್ಬದ ಮಳೆ, ಜೋರಾಗಿ. ಡ್ಯಾಫ್ನಿಯ ಕಿವಿ ನೀರಿನ ಸದ್ದಿಗೆ ಹೋಯಿತು. ಹೊಸ ಕಣಿಯ ಮೂಲೆಯಲ್ಲಿ ಮಣ್ಣು ಸರಿಯಾಗಿ ಗುದ್ದಿದ್ದೆವಾ? ಅಲ್ಲೊಂದು ಕಡೆ ಸಡಿಲ ಇತ್ತು. ಕೈಯಲ್ಲಿದ್ದ ತುತ್ತು ಬಾಯಿಗಿಟ್ಟು ಎದ್ದಳು.

"ಈಗ ಎಲ್ಲಿಗೆ?" ಎಂದರು ಲೂರ್ಡ್ಸ್.

"ಈಗ ಬಂದೆ. ಪಪ್ಪನ ನೀರು ನನ್ನ ಗದ್ದೆಗೆ ಬರ್ತದಾ ಅಂತ ನೋಡಿ."

"ಬಂದ್ರೆ ಬಿಲ್ ಹಾಕ್ತೇನೆ," ಎಂದು ವಿಲ್ಲಿ ಹಿಂದಿನಿಂದ ಕೂಗಿದರು. ಡ್ಯಾಫ್ನಿ ಆಗಲೇ ಗೊರಬೆ ಹೊದ್ದು ಅಂಗಳ ಇಳಿದಿದ್ದಳು.